ಗುಣ–ದೋಷದ ಕೋಷ್ಟಕಕ್ಕೆ ಎಷ್ಟು ಕಾಲಂ ಬೇಕು?

ರಾಜ್ಯಶಾಸ್ತ್ರದ ಗೈಡುಗಳಲ್ಲಿ ಚುನಾವಣಾ ಪದ್ಧತಿಗಳ ಅಧ್ಯಾಯ ಕೊನೆಗೆ ಅರ್ಧ ಪುಟದ ಒಂದು ಕೋಷ್ಟಕವಾಗಿ ಇಳಿಯುತ್ತದೆ. ಎಡಗಡೆ ಸರಳ ಬಹುಮತ ಪದ್ಧತಿ, ಬಲಗಡೆ ಅನುಪಾತಿಕ ಪ್ರಾತಿನಿಧ್ಯ, ಮೇಲೆ ಗುಣ, ಕೆಳಗೆ ದೋಷ. ಸರಳ ಬಹುಮತ ಸುಲಭ, ಸ್ಥಿರ ಸರ್ಕಾರ ಕೊಡುತ್ತದೆ, ಆದರೆ ಸಣ್ಣ ಪಕ್ಷಗಳಿಗೆ ಅನ್ಯಾಯ. ಅನುಪಾತಿಕ ಪದ್ಧತಿ ನ್ಯಾಯಯುತ, ಆದರೆ ಜಟಿಲ, ಸರ್ಕಾರ ಅಸ್ಥಿರ. ನಾಲ್ಕು ಖಾನೆ, ಖಾನೆಗೆ ನಾಲ್ಕು ಅಂಶ, ಪರೀಕ್ಷೆಗೆ ಹತ್ತು ಅಂಕ. ಇದನ್ನು ಉರು ಹೊಡೆದು ಪಾಸಾದವರು ರಾಜ್ಯದಲ್ಲಿ ಲಕ್ಷಗಟ್ಟಲೆ ಇದ್ದಾರೆ. ದೊಡ್ಡ ಅಧ್ಯಾಯವನ್ನು ಒಂದು ನೋಟಕ್ಕೆ ಸಿಗುವಂತೆ ಇಳಿಸುವುದು ಒಳ್ಳೆಯ ಕೆಲಸವೇ. ಇಳಿಸುವಾಗ ಯಾವುದು ಉಳಿಯಿತು, ಯಾವುದು ಸೋರಿಹೋಯಿತು ಎಂದು ನೋಡಬೇಕಷ್ಟೆ. ಅದಕ್ಕೆ ಇಸ್ರೇಲು, ನೆದರ್ಲೆಂಡ್ಸ್‌ವರೆಗೆ ಮೊದಲೇ ಹೋಗಬೇಕಿಲ್ಲ. ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಸಿಗುವ ಮಹಾಗಾಂವದಿಂದಲೇ ಶುರು ಮಾಡಬಹುದು.

ಕಮಲಾಪುರ ತಾಲ್ಲೂಕಿನ ಈ ಊರಿನಲ್ಲಿ ಡಿಗ್ರಿ ಮುಗಿಸಿದ ಒಬ್ಬ ಮತದಾರ ಇದ್ದಾನೆ ಎಂದುಕೊಳ್ಳಿ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಅವನ ವಾರ್ಡಿಗೆ ಎರಡು–ಮೂರು ಸ್ಥಾನಗಳಿದ್ದರೆ ಅಷ್ಟೇ ಮತಗಳನ್ನು ಅವನು ಹಾಕುತ್ತಾನೆ. ವಿಧಾನಸಭೆಗೆ ಗುಲ್ಬರ್ಗಾ ಗ್ರಾಮೀಣ ಕ್ಷೇತ್ರದಲ್ಲಿ, ಲೋಕಸಭೆಗೆ ಗುಲ್ಬರ್ಗಾ ಕ್ಷೇತ್ರದಲ್ಲಿ ಒಂದೊಂದು ಗುಂಡಿ ಒತ್ತುತ್ತಾನೆ. ವಿಧಾನ ಪರಿಷತ್ತಿನ ಈಶಾನ್ಯ ಪದವೀಧರ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿದ್ದರೆ ಮತಪತ್ರದ ಮೇಲೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾನೆ. ಅವನು ಆರಿಸಿದ ಶಾಸಕ ಬೆಂಗಳೂರಿಗೆ ಹೋಗಿ ರಾಜ್ಯಸಭೆಗೆ ಏಕ ವರ್ಗಾವಣೀಯ ಮತ ಪದ್ಧತಿಯಲ್ಲಿ ಮತ ಹಾಕುತ್ತಾನೆ. ಹೀಗೆ ಒಂದೇ ಊರಿನ ಒಬ್ಬ ಮನುಷ್ಯನ ಸುತ್ತ ನಾಲ್ಕು ಬಗೆಯ ಪದ್ಧತಿಗಳು ಕೆಲಸ ಮಾಡುತ್ತಿವೆ. ಎರಡು ಕಾಲಂನ ಕೋಷ್ಟಕದಲ್ಲಿ ಇವುಗಳಲ್ಲಿ ಒಂದು ಮಾತ್ರ ಸರಿಯಾಗಿ ಕೂರುತ್ತದೆ.

ಎನ್‌ಸಿಇಆರ್‌ಟಿಯ 11ನೇ ತರಗತಿ ಪುಸ್ತಕದಲ್ಲೂ ಇಂಥದೊಂದು ಹೋಲಿಕೆಯ ಪಟ್ಟಿ ಇದೆ. ಅನೇಕ ಗೈಡುಗಳ ಕೋಷ್ಟಕಕ್ಕೂ ಅದಕ್ಕೂ ಹತ್ತಿರದ ಹೋಲಿಕೆ ಕಾಣುತ್ತದೆ. ಅಲ್ಲಿನ ಸಾಲುಗಳು ಬಹುಪಾಲು ಒಪ್ಪುವಂಥವೇ: ಒಂದರಲ್ಲಿ ಸಣ್ಣ ಕ್ಷೇತ್ರ, ಇನ್ನೊಂದರಲ್ಲಿ ದೊಡ್ಡದು, ಒಂದರಲ್ಲಿ ಅಭ್ಯರ್ಥಿಗೆ ಮತ, ಇನ್ನೊಂದರಲ್ಲಿ ಪಕ್ಷಕ್ಕೆ. ಆದರೆ ಒಂದು ಸಾಲು ಎಡವುತ್ತದೆ. ಸರಳ ಬಹುಮತದಲ್ಲಿ ಗೆದ್ದವನಿಗೆ ಅರ್ಧಕ್ಕಿಂತ ಹೆಚ್ಚು ಮತ ಇರಲೇಬೇಕೆಂದಿಲ್ಲ ಎಂದು ಎಡಗಡೆ ಬರೆದ ಮೇಲೆ, ಬಲಗಡೆಯ ಖಾನೆ ಖಾಲಿ ಬಿಡುವಂತಿಲ್ಲವಲ್ಲ. ಅನುಪಾತಿಕ ಪದ್ಧತಿಯಲ್ಲಿ ಗೆದ್ದವನಿಗೆ ಬಹುಮತ ಇರುತ್ತದೆ ಎಂದು ಬರೆದುಬಿಟ್ಟಿದೆ. ಪಕ್ಷದ ಪಟ್ಟಿಗೆ ಮತ ಬೀಳುವ ಕಡೆ ಒಬ್ಬೊಬ್ಬ ಅಭ್ಯರ್ಥಿಗೆ ಬಹುಮತ ಎಂಬ ಪ್ರಶ್ನೆಯೇ ಏಳುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ 150 ಸ್ಥಾನಗಳಿಗೆ ಇಡೀ ದೇಶವೇ ಒಂದು ಕ್ಷೇತ್ರ, ಶೇ. 1ಕ್ಕೂ ಕಡಿಮೆ ಮತ ಪಡೆದ ಪಕ್ಷಕ್ಕೂ ಅಲ್ಲಿ ಒಂದು ಸ್ಥಾನ ಸಿಗಬಹುದು. ಕೋಷ್ಟಕ ಕೇಳುವುದು ಸಮತೋಲನವನ್ನು: ಎಡಕ್ಕೆ ಒಂದು ಮಾತಿದ್ದರೆ ಬಲಕ್ಕೆ ಅದರ ವಿರುದ್ಧ ಮಾತು. ವಿಷಯ ಹಾಗಿಲ್ಲದಿದ್ದಾಗ ಖಾನೆ ತುಂಬಿಸಲು ಹೋಗಿ ತಪ್ಪು ಬರೆದುಬಿಡುತ್ತೇವೆ. ಒಂದು ಕೋಷ್ಟಕ ಕೈಗೆ ಸಿಕ್ಕಾಗ ಮೊದಲು ಅನುಮಾನದಿಂದ ನೋಡಬೇಕಾದದ್ದು, ಎಡದ ಖಾನೆಯನ್ನು ತಲೆಕೆಳಗು ಮಾಡಿದಂತೆ ಕಾಣುವ ಬಲದ ಖಾನೆಯನ್ನು.

ಈಗ ಎಲ್ಲ ಕೋಷ್ಟಕಗಳಲ್ಲೂ ಇರುವ ಮುಖ್ಯ ದೋಷಕ್ಕೆ ಬರೋಣ. ಮತಕ್ಕೂ ಸ್ಥಾನಕ್ಕೂ ತಾಳೆಯಿಲ್ಲ ಎಂಬುದು ಆ ದೋಷ. ಇದಕ್ಕೆ ಪುಸ್ತಕಗಳು ಕೊಡುವ ಉದಾಹರಣೆ 1984ರ ಲೋಕಸಭೆ: ಶೇ. 48ರಷ್ಟು ಮತಕ್ಕೆ ಕಾಂಗ್ರೆಸ್ಸಿಗೆ ನಾಲ್ಕುನೂರಕ್ಕೂ ಹೆಚ್ಚು ಸ್ಥಾನ. ಕನ್ನಡದ ಹುಡುಗರಿಗೆ ಇದಕ್ಕಿಂತ ತೀಕ್ಷ್ಣವಾದ ಉದಾಹರಣೆ ಮನೆಯಲ್ಲೇ ಇದೆ. 1984ರಲ್ಲಿ ಹೆಚ್ಚು ಮತ ಪಡೆದವರಿಗೆ ಹೆಚ್ಚು ಸ್ಥಾನ ಸಿಕ್ಕಿತು, ಪ್ರಮಾಣ ಮಾತ್ರ ಉಬ್ಬಿತು. ಕರ್ನಾಟಕದಲ್ಲಿ ಕ್ರಮವೇ ತಿರುಗುಮುರುಗಾಗಿದೆ, ಅದೂ ಮೂರು ಸಲ. 2004ರಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ. 35 ಮತ, 65 ಸ್ಥಾನ. ಬಿಜೆಪಿಗೆ ಸುಮಾರು ಶೇ. 28 ಮತ, 79 ಸ್ಥಾನ. 2008ರಲ್ಲಿ ಮತ್ತೆ ಕಾಂಗ್ರೆಸ್ಸಿಗೆ ಶೇ. 1ರಷ್ಟು ಹೆಚ್ಚು ಮತ ಬಂದರೂ ಬಿಜೆಪಿ 110, ಕಾಂಗ್ರೆಸ್ 80. 2018ರಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ. 38, ಬಿಜೆಪಿಗೆ ಶೇ. 36ಕ್ಕೂ ತುಸು ಹೆಚ್ಚು. ತಡವಾಗಿ ಮತದಾನ ನಡೆದ ಎರಡು ಕ್ಷೇತ್ರಗಳನ್ನೂ ಸೇರಿಸಿದರೆ ಬಿಜೆಪಿ 104, ಕಾಂಗ್ರೆಸ್ 80, ಜೆಡಿಎಸ್ 37.

ಯಾಕೆ ಹೀಗಾಯಿತು? ಎಣಿಕೆಯಲ್ಲಿ ಏನೂ ತಪ್ಪಿರಲಿಲ್ಲ. ಕಾಂಗ್ರೆಸ್ಸಿನ ಮತ ಬೀದರಿನಿಂದ ಚಾಮರಾಜನಗರದವರೆಗೆ ಹೆಚ್ಚೂಕಡಿಮೆ ಸಮನಾಗಿ ಹರಡಿಕೊಂಡಿತ್ತು. ಎಷ್ಟೋ ಕಡೆ ಅದು ಎರಡನೇ ಸ್ಥಾನಕ್ಕೆ ಬಂದು ನಿಂತಿತು. ಎರಡನೇ ಸ್ಥಾನದ ಮತಗಳಿಗೆ ಈ ಪದ್ಧತಿಯಲ್ಲಿ ಬೆಲೆಯಿಲ್ಲ. ಬಿಜೆಪಿಗೆ ಮಂಡ್ಯ, ಹಾಸನ, ರಾಮನಗರದ ಕಡೆ ಅಂದು ಬಿದ್ದ ಮತವೇ ಕಡಿಮೆ, ಹಾಗಾಗಿ ಅಲ್ಲಿ ಅದು ಕಳೆದುಕೊಂಡ ಮತವೂ ಕಡಿಮೆ. ಕರಾವಳಿ, ಮಲೆನಾಡು, ಕಿತ್ತೂರು ಕರ್ನಾಟಕದಲ್ಲಿ ಅದರ ಮತ ಗೆಲ್ಲುವಷ್ಟು ಗಟ್ಟಿಯಾಗಿ ಕೂಡಿಕೊಂಡಿತ್ತು. ಹಾಗಾದರೆ ಇದು ಪದ್ಧತಿಯೊಂದರ ದೋಷ ಅಲ್ಲ. ಪದ್ಧತಿ, ಮೂರು ಪಕ್ಷಗಳ ಪೈಪೋಟಿ, ಮತ ಹರಡಿದ ನಕ್ಷೆ ಈ ಮೂರೂ ಕೂಡಿದಾಗ ಕಾಣುವ ದೋಷ. 2023ರಲ್ಲಿ ಅದೇ ಪದ್ಧತಿ, ಅದೇ ಕ್ಷೇತ್ರಗಳು. ಕಾಂಗ್ರೆಸ್ಸಿಗೆ ಸುಮಾರು ಶೇ. 43 ಮತ ಬಂದು 135 ಸ್ಥಾನ ಸಿಕ್ಕಿತು. ಕ್ರಮ ತಿರುಗಲಿಲ್ಲ, ಹಿಂದಿನ ಉಬ್ಬು ಮಾತ್ರ ಈ ಸಲ ಕಾಂಗ್ರೆಸ್ಸಿನ ಕಡೆ ಬಂತು.

ಇದೇ ನಕ್ಷೆ ಇಟ್ಟುಕೊಂಡು "ಸಣ್ಣ ಪಕ್ಷಗಳಿಗೆ ಅನ್ಯಾಯ" ಎಂಬ ಮುಂದಿನ ಖಾನೆ ನೋಡಿ. 2018ರಲ್ಲಿ ಜೆಡಿಎಸ್‌ಗೆ ಸುಮಾರು ಶೇ. 18 ಮತ, 224ರಲ್ಲಿ 37 ಸ್ಥಾನ. ಲೆಕ್ಕ ಹಾಕಿದರೆ ಶೇ. 16ಕ್ಕೂ ಹೆಚ್ಚು. ಅಂದರೆ ಮೂರನೇ ಪಕ್ಷಕ್ಕೆ ಹೇಳಿಕೊಳ್ಳುವಂಥ ಅನ್ಯಾಯವೇನೂ ಆಗಲಿಲ್ಲ, ಏಕೆಂದರೆ ಅದರ ಮತ ಹಳೇ ಮೈಸೂರಿನಲ್ಲಿ ಗುಂಪಾಗಿತ್ತು. 2013ರಲ್ಲಿ ಯಡಿಯೂರಪ್ಪನವರ ಕೆಜೆಪಿ ರಾಜ್ಯದಾದ್ಯಂತ ಸುಮಾರು ಶೇ. 10 ಮತ ತೆಗೆದು 6 ಸ್ಥಾನಕ್ಕೆ ತೃಪ್ತಿಪಟ್ಟಿತು. 1984ರ ಲೋಕಸಭೆಯನ್ನೇ ಮತ್ತೆ ನೋಡಿದರೆ, ದೇಶವಿಡೀ ಹರಡಿದ ಶೇ. 7ರಷ್ಟು ಮತಕ್ಕೆ ಬಿಜೆಪಿಗೆ 2 ಸ್ಥಾನ. ಆಂಧ್ರದಲ್ಲಿ ಮಾತ್ರ ಇದ್ದ ತೆಲುಗು ದೇಶಂಗೆ ಶೇ. 4ರಷ್ಟು ಮತಕ್ಕೆ 30. ಆದ್ದರಿಂದ ಖಾನೆಯಲ್ಲಿ ಬರೆಯಬೇಕಾದದ್ದು ಸಣ್ಣ ಪಕ್ಷ ಎಂದಲ್ಲ, ಚದುರಿದ ಪಕ್ಷ ಎಂದು. ಪ್ರಾದೇಶಿಕ ಪಕ್ಷಕ್ಕೆ ಇದೇ ಪದ್ಧತಿ ವರ.

ಸ್ಥಿರತೆಯ ಖಾನೆ ಇದಕ್ಕಿಂತ ಬಡಕಲು. ಸರಳ ಬಹುಮತ ಸ್ಥಿರ ಸರ್ಕಾರ ಕೊಡುತ್ತದೆ ಎಂದು ಬರೆಯುವ ವಿದ್ಯಾರ್ಥಿ ಕರ್ನಾಟಕದವನಾಗಿದ್ದರೆ ಅವನಿಗೆ ನಗು ಬರಬೇಕು. 2004ರಿಂದ 2007ರೊಳಗೆ ಧರ್ಮಸಿಂಗ್, ಕುಮಾರಸ್ವಾಮಿ, ಒಂದು ವಾರ ಯಡಿಯೂರಪ್ಪ, ಆಮೇಲೆ ರಾಷ್ಟ್ರಪತಿ ಆಳ್ವಿಕೆ. 2018ರ ವಿಧಾನಸಭೆಯ ಅವಧಿಯಲ್ಲಿ ಯಡಿಯೂರಪ್ಪನವರ ಮೂರು ದಿನದ ಸರ್ಕಾರ, ಕುಮಾರಸ್ವಾಮಿಯವರ ಹದಿನಾಲ್ಕು ತಿಂಗಳು, ಮತ್ತೆ ಯಡಿಯೂರಪ್ಪ, ಕೊನೆಗೆ ಬೊಮ್ಮಾಯಿ. ಎಲ್ಲವೂ ಸರಳ ಬಹುಮತದ ಚುನಾವಣೆಯಿಂದಲೇ ಬಂದವು. ಅತ್ತ ಇಸ್ರೇಲಿನಲ್ಲಿ 2019ರಿಂದ 2022ರೊಳಗೆ ಐದು ಸಾರ್ವತ್ರಿಕ ಚುನಾವಣೆಗಳಾದದ್ದೂ, ನೆದರ್ಲೆಂಡ್ಸ್‌ನಲ್ಲಿ 2021ರ ಚುನಾವಣೆಯ ನಂತರ ಸರ್ಕಾರ ರಚನೆಗೆ ಹತ್ತಿರ ಹತ್ತಿರ ಹತ್ತು ತಿಂಗಳು ಹಿಡಿದದ್ದೂ ನಿಜವೇ. ಹಾಗೆಂದು ಡಚ್ಚರದ್ದು ಅಸ್ಥಿರ ದೇಶ ಎನ್ನಲಾಗುವುದಿಲ್ಲ. ಎರಡೇ ದೊಡ್ಡ ಪಕ್ಷಗಳಿದ್ದಾಗ ಸರಳ ಬಹುಮತ ಸ್ಥಿರತೆ ಕೊಡಬಹುದು. ಪಕ್ಷ ಮೂರಾದರೆ ಆ ಭರವಸೆ ಇಲ್ಲ. ಖಾನೆಯಲ್ಲಿ ಈ "ಇದ್ದಾಗ" ಎಂಬ ಭಾಗವೇ ಬಿಟ್ಟುಹೋಗಿರುತ್ತದೆ.

ಇಲ್ಲಿಯವರೆಗಿನದು ಎಡದ ಕಾಲಂ. ಬಲದ ಕಾಲಂ ಕಲಿಯಲು ನಮಗೆ ಸಿಗುವ ಒಳ್ಳೆಯ ಪ್ರಯೋಗಶಾಲೆ ರಾಜ್ಯಸಭೆ ಚುನಾವಣೆ. ಕರ್ನಾಟಕಕ್ಕೆ ಅಲ್ಲಿ 12 ಸ್ಥಾನ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಾಲ್ಕು ತೆರವಾಗುತ್ತವೆ. ಕಲಬುರಗಿಯವರಿಗೆ ಇದರ ಗುರುತು ಚೆನ್ನಾಗಿಯೇ ಇದೆ. 2019ರ ಲೋಕಸಭೆ ಚುನಾವಣೆಯಲ್ಲಿ ಗುಲ್ಬರ್ಗಾ ಕ್ಷೇತ್ರದಿಂದ ಮಲ್ಲಿಕಾರ್ಜುನ ಖರ್ಗೆಯವರು 95 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಮರುವರ್ಷ ಜೂನ್‌ನಲ್ಲಿ ಅದೇ ಖರ್ಗೆಯವರು ರಾಜ್ಯಸಭೆಗೆ ಅವಿರೋಧವಾಗಿ ಆಯ್ಕೆಯಾದರು. ತುಮಕೂರಿನಲ್ಲಿ ಸೋತಿದ್ದ ದೇವೇಗೌಡರೂ ಅದೇ ಪಟ್ಟಿಯಲ್ಲಿದ್ದರು. ಅವಿರೋಧ ಆಯ್ಕೆ ಯಾರ ಔದಾರ್ಯವೂ ಆಗಿರಲಿಲ್ಲ. ನಾಲ್ಕು ಸ್ಥಾನಕ್ಕೆ ಒಬ್ಬೊಬ್ಬರಿಗೆ 45 ಶಾಸಕರ ಮತ ಬೇಕು. ಬಿಜೆಪಿಗೆ ಎರಡಕ್ಕೆ ಸಾಲುವಷ್ಟಿತ್ತು, ಕಾಂಗ್ರೆಸ್ಸಿಗೆ ಒಂದಕ್ಕೆ ಸಾಕಾಗಿ ಒಂದಷ್ಟು ಮಿಕ್ಕಿತ್ತು, ಆ ಮಿಕ್ಕದ್ದು ಜೆಡಿಎಸ್ ಜೊತೆ ಸೇರಿದರೆ ನಾಲ್ಕನೆಯದು. ಲೆಕ್ಕ ಮುಂಚೆಯೇ ಮುಗಿದಿತ್ತು.

ಲೆಕ್ಕ ಕಣ್ಣೆದುರೇ ನಡೆದದ್ದು 2024ರ ಫೆಬ್ರವರಿಯಲ್ಲಿ. ನಾಲ್ಕು ಸ್ಥಾನ, ಐವರು ಅಭ್ಯರ್ಥಿಗಳು. ಸುರಪುರದ ಶಾಸಕ ರಾಜಾ ವೆಂಕಟಪ್ಪ ನಾಯಕರು ಮತದಾನಕ್ಕೆ ಎರಡು ದಿನ ಮುಂಚೆ ತೀರಿಕೊಂಡಿದ್ದರು, ಇನ್ನೊಬ್ಬ ಶಾಸಕರು ಬರಲಿಲ್ಲ. ಬಿದ್ದ ಮತ 222. ಇಲ್ಲಿ ಪ್ರತಿ ಮತಕ್ಕೆ 100ರ ಮೌಲ್ಯ ಕಟ್ಟಿ ಒಟ್ಟು 22,200 ಮಾಡುತ್ತಾರೆ. ಅದನ್ನು ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿದ ಅಂಕಿಯಿಂದ, ಅಂದರೆ 5ರಿಂದ ಭಾಗಿಸಿ, ಬಂದದ್ದಕ್ಕೆ 1 ಕೂಡಿಸಬೇಕು. 4,441. ಇದೇ ಕೋಟಾ, 45 ಮೊದಲ ಪ್ರಾಶಸ್ತ್ಯದ ಮತ ಸಿಕ್ಕವನು ಅದನ್ನು ದಾಟುತ್ತಾನೆ. ಕಾಂಗ್ರೆಸ್ಸಿನ ಅಜಯ್ ಮಾಕನ್ 47, ನಾಸಿರ್ ಹುಸೇನ್ 47, ಜಿ.ಸಿ. ಚಂದ್ರಶೇಖರ್ 45, ಬಿಜೆಪಿಯ ನಾರಾಯಣಸಾ ಭಾಂಡಗೆ 47, ಜೆಡಿಎಸ್‌ನ ಕುಪೇಂದ್ರ ರೆಡ್ಡಿ 36. ನಾಲ್ವರೂ ಮೊದಲ ಸುತ್ತಿನಲ್ಲೇ ಗೆದ್ದರು. ಹೆಚ್ಚುವರಿ ಮತ ವರ್ಗಾಯಿಸುವ ಪ್ರಸಂಗವೇ ಬರಲಿಲ್ಲ.

ಈಗ ಕೋಷ್ಟಕದ ಮಾತಿಗೆ ಇದನ್ನು ಹಚ್ಚಿ ನೋಡಿ. "ಪ್ರತಿ ಪಕ್ಷಕ್ಕೂ ಮತದ ಪ್ರಮಾಣದಲ್ಲಿ ಸ್ಥಾನ." ಬಿಜೆಪಿ–ಜೆಡಿಎಸ್ ಜೋಡಿಗೆ ಬಿದ್ದದ್ದು 83 ಮತ, ಶೇ. 37ಕ್ಕೂ ಹೆಚ್ಚು, ಸಿಕ್ಕದ್ದು ನಾಲ್ಕರಲ್ಲಿ ಒಂದು. ಕಾಂಗ್ರೆಸ್ ಅಭ್ಯರ್ಥಿಗಳಿಗೆ ಶೇ. 63ರಷ್ಟು ಮತಕ್ಕೆ ನಾಲ್ಕರಲ್ಲಿ ಮೂರು. ಹೆಸರು ಅನುಪಾತಿಕ, ಫಲಿತಾಂಶ ಅಷ್ಟೇನೂ ಅನುಪಾತಿಕ ಅಲ್ಲ. ಕಾರಣ ಮತ ಎಣಿಸುವ ರೀತಿಯಲ್ಲಿಲ್ಲ, ಸ್ಥಾನಗಳ ಸಂಖ್ಯೆಯಲ್ಲಿದೆ. ನಾಲ್ಕು ತುಂಡು ಮಾಡಿದ ರೊಟ್ಟಿಯಲ್ಲಿ ಶೇ. 37 ಅಳೆದು ಕೊಡಲಾಗದು. ಒಂದು ತುಂಡು ಕೊಡಬಹುದು, ಇಲ್ಲವೇ ಎರಡು. ಅದೇ 12 ಸ್ಥಾನಗಳಿಗೂ ಒಮ್ಮೆಗೇ ಚುನಾವಣೆ ನಡೆದಿದ್ದರೆ ಕೋಟಾ ಸುಮಾರು 18 ಮತಕ್ಕೆ ಇಳಿದು, 83 ಮತದ ಜೋಡಿಗೆ ಕನಿಷ್ಠ ನಾಲ್ಕು ಸ್ಥಾನ ಖಚಿತವಾಗಿ ಸಿಗುತ್ತಿತ್ತು. ಒಂದು ಕ್ಷೇತ್ರಕ್ಕೆ ಎಷ್ಟು ಸ್ಥಾನ ಎಂಬ ಸಾಲು ಯಾವ ಗೈಡಿನಲ್ಲೂ ದೋಷದ ಕೆಳಗೆ ಬರುವುದಿಲ್ಲ. ನನ್ನ ಮಟ್ಟಿಗೆ ಕೋಷ್ಟಕದ ಮೊದಲ ಸಾಲೇ ಅದಾಗಬೇಕು. ಉಳಿದ ಅರ್ಧದಷ್ಟು ಗುಣ–ದೋಷಗಳು ಅದರಿಂದಲೇ ಹುಟ್ಟುತ್ತವೆ.

ಇದಕ್ಕೆ ಸಾಕ್ಷಿ ಬೇಕಿದ್ದರೆ ರಾಜ್ಯಸಭೆಯಿಂದ ನೇರ ಮಹಾಗಾಂವದ ಪಂಚಾಯಿತಿಗೆ ಬರಬೇಕು. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸ್ಥೂಲವಾಗಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. ವಾರ್ಡೊಂದಕ್ಕೆ ಒಂದಕ್ಕಿಂತ ಹೆಚ್ಚು ಸ್ಥಾನ ಇರುವುದು ನಮ್ಮ ಕಡೆ ಸಾಮಾನ್ಯ. ಪಕ್ಷದ ಚಿಹ್ನೆ ಇಲ್ಲ. ಎಷ್ಟು ಸ್ಥಾನವೋ ಮತದಾರನಿಗೆ ಅಷ್ಟು ಮತ, ಒಬ್ಬ ಅಭ್ಯರ್ಥಿಗೆ ಒಂದೇ. ಇಲ್ಲಿ ಸ್ಥಾನ ಹಲವು, ಆದ್ದರಿಂದ ಬಲದ ಕಾಲಂ ಎಂದುಕೊಳ್ಳೋಣವೇ? ಗೆಲ್ಲುವುದು ಹೆಚ್ಚು ಮತ ಪಡೆದವರು, ಆದ್ದರಿಂದ ಎಡದ್ದೇ? ಎರಡೂ ಅಲ್ಲ. ಲೆಕ್ಕಕ್ಕೆಂದು ಮೂರು ಸ್ಥಾನದ, ಸಾವಿರ ಮತದಾರರ ಒಂದು ವಾರ್ಡು ಊಹಿಸಿ. 450 ಮಂದಿ ಒಂದು ಕೂಟ. ಮಿಕ್ಕ 550 ಮಂದಿ ಎರಡು ಮೂರು ಓಣಿಗಳಲ್ಲಿ ಹಂಚಿಹೋಗಿದ್ದಾರೆ. ಕೂಟದವರು ಮೂರೂ ಮತಗಳನ್ನು ತಮ್ಮ ಮೂವರಿಗೇ ಹಾಕಿದರೆ ಮೂರೂ ಸ್ಥಾನ ಅವರದ್ದೇ. ಸರಳ ಬಹುಮತದ ಉಬ್ಬು ಇಲ್ಲಿ ಮೂರು ಪಟ್ಟು. ಅದೇ ವಾರ್ಡಿನಲ್ಲಿ ರಾಜ್ಯಸಭೆಯ ರೀತಿ ಅನುಸರಿಸಿದರೆ ಕೋಟಾ 251. 450ರ ಕೂಟಕ್ಕೆ ಒಂದು ಸ್ಥಾನ ಖಚಿತ, ಎರಡನೆಯದಕ್ಕೆ ಬೇರೆಯವರ ಕೆಳಗಿನ ಪ್ರಾಶಸ್ತ್ಯಕ್ಕೆ ಕೈಚಾಚಬೇಕು.

ವಾಸ್ತವದಲ್ಲಿ ಪಂಚಾಯಿತಿ ಹಾಗೆ ಏಕಪಕ್ಷೀಯವಾಗದಂತೆ ತಡೆಯುವುದು ಮತ ಎಣಿಕೆಯ ಪದ್ಧತಿ ಅಲ್ಲ, ಮೀಸಲಾತಿ. ವಾರ್ಡಿನ ಒಂದು ಸ್ಥಾನ ಪರಿಶಿಷ್ಟ ಜಾತಿಗೆ, ಒಂದು ಹಿಂದುಳಿದ ವರ್ಗದ ಮಹಿಳೆಗೆ, ಒಂದು ಸಾಮಾನ್ಯ ಎಂದು ನಿಗದಿಯಾದಾಗ ಯಾರು ನಿಲ್ಲಬಹುದು ಎಂಬುದು ಮೊದಲೇ ಹಂಚಿಹೋಗಿರುತ್ತದೆ. ಆದರೂ ಯಾವ ಪರಿಶಿಷ್ಟ ಅಭ್ಯರ್ಥಿ ಗೆಲ್ಲಬೇಕು ಎಂಬುದನ್ನು ಇಡೀ ವಾರ್ಡೇ ತೀರ್ಮಾನಿಸುತ್ತದೆ. ದೊಡ್ಡ ಕೂಟದ ಮಾತು ಅಲ್ಲೂ ನಡೆಯುತ್ತದೆ. ಹಿಂದೆ ಲೋಕಸಭೆ, ವಿಧಾನಸಭೆಗಳಿಗೂ ಇಂಥ ದ್ವಿಸದಸ್ಯ ಕ್ಷೇತ್ರಗಳಿದ್ದವು, ಒಂದು ಸಾಮಾನ್ಯ, ಒಂದು ಮೀಸಲು. 1957ರಲ್ಲಿ ಪಾರ್ವತೀಪುರಂನಲ್ಲಿ ವಿ.ವಿ. ಗಿರಿಯವರು ನಿಂತಾಗ, ಮೀಸಲು ಸ್ಥಾನದ ಜೊತೆಗೆ ಸಾಮಾನ್ಯ ಸ್ಥಾನವನ್ನೂ ಪರಿಶಿಷ್ಟ ಪಂಗಡದ ಅಭ್ಯರ್ಥಿಯೇ ಗೆದ್ದರು. ಗಿರಿಯವರು ಸುಪ್ರೀಂ ಕೋರ್ಟ್‌ವರೆಗೆ ಹೋದರೂ ಫಲಿತಾಂಶ ಬದಲಾಗಲಿಲ್ಲ. 1961ರ ಕಾಯ್ದೆಯಿಂದ ದ್ವಿಸದಸ್ಯ ಕ್ಷೇತ್ರಗಳೇ ಹೋದವು. ಪಂಚಾಯಿತಿಯಲ್ಲಿ ಮಾತ್ರ ಆ ಹಳೆಯ ರೀತಿ ಬೇರೆ ರೂಪದಲ್ಲಿ ಜೀವಂತವಾಗಿದೆ.

ನಾಲ್ಕನೆಯದು ಪದವೀಧರ ಕ್ಷೇತ್ರ. ಕಲಬುರಗಿ, ಬೀದರ್, ರಾಯಚೂರು, ಬಳ್ಳಾರಿ ಕಡೆಯ ಜಿಲ್ಲೆಗಳೆಲ್ಲ ಸೇರಿದ ಈಶಾನ್ಯ ಪದವೀಧರ ಕ್ಷೇತ್ರಕ್ಕೆ ಒಂದೇ ಸ್ಥಾನ. ಪ್ರಾಶಸ್ತ್ಯ ಬರೆಯುವುದು ರಾಜ್ಯಸಭೆಯಂತೆಯೇ, ಆದರೆ ಸ್ಥಾನ ಒಂದೇ ಆದ್ದರಿಂದ ಭಾಗಿಸುವ ಅಂಕಿ 2. ಕೋಟಾ ಎಂದರೆ ಸಿಂಧು ಮತಗಳ ಅರ್ಧಕ್ಕಿಂತ ಹೆಚ್ಚು. ಯಾರೂ ಮುಟ್ಟದಿದ್ದರೆ ಕಡಿಮೆ ಮತದವನನ್ನು ಕೈಬಿಟ್ಟು ಅವನ ಮತಪತ್ರಗಳ ಎರಡನೇ ಪ್ರಾಶಸ್ತ್ಯ ನೋಡುತ್ತಾರೆ. ಅನುಪಾತದ ಸುಳಿವೇ ಇಲ್ಲದ ಈ ಚುನಾವಣೆಗೂ ಸಂವಿಧಾನದ 171ನೇ ವಿಧಿ ಹಚ್ಚಿರುವ ಹೆಸರು ಏಕ ವರ್ಗಾವಣೀಯ ಮತದ ಅನುಪಾತಿಕ ಪ್ರಾತಿನಿಧ್ಯ ಎಂದೇ. ಹೆಸರು ನೋಡಿ ಕಾಲಂಗೆ ಹಾಕುವವನು ಇಲ್ಲಿ ಸಿಕ್ಕಿಬೀಳುತ್ತಾನೆ. ಅತ್ತ, ಗೆದ್ದವನಿಗೆ ಬಹುಮತ ಬೇಕು ಎಂಬ ಮಾತು ಮಾತ್ರ ಇಲ್ಲಿ ಹೊಂದುತ್ತದೆ.

ಮತಗಟ್ಟೆಯೊಳಗೆ ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡುತ್ತಾರೆ. ಬೇರೆ ಪೆನ್ನಿನಿಂದ ಬರೆಯುವಂತಿಲ್ಲ. 1 ಎಂದು ಬರೆಯಬಹುದು, ಕನ್ನಡದ ೧ ಬರೆಯಬಹುದು, ರೋಮನ್ ಅಂಕಿಯೂ ನಡೆಯುತ್ತದೆ. "ಒಂದು" ಎಂದು ಅಕ್ಷರದಲ್ಲಿ ಬರೆದರೆ, ಸರಿ ಗುರುತು ಹಾಕಿದರೆ, ಇಬ್ಬರ ಎದುರು 1 ಬರೆದರೆ ಮತ ಅಸಿಂಧು. ಇಲ್ಲಿ ನೆನಪಾಗುವುದು ಸಂವಿಧಾನ ಸಭೆ. 1949ರ ಜನವರಿಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಅವರು ಲೋಕಸಭೆಗೂ ಅನುಪಾತಿಕ ಪದ್ಧತಿ ಬೇಕೆಂದು ತಿದ್ದುಪಡಿ ತಂದಾಗ ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಅವರು ಕೊಟ್ಟ ಕಾರಣಗಳಲ್ಲಿ ಒಂದು ಸರ್ಕಾರದ ಸ್ಥಿರತೆ, ಇನ್ನೊಂದು ಸಾಕ್ಷರತೆ: ಅಂಕಿ ಬರೆಯಬಲ್ಲ ಮತದಾರರು ಬೇಕು. ಅಂದಿನ ಸಾಕ್ಷರತೆ ನೋಡಿದರೆ ಮಾತು ಗಟ್ಟಿಯದೇ. ಆದರೆ ಡಿಗ್ರಿ ಪಡೆದವರಷ್ಟೇ ಮತ ಹಾಕುವ ಕ್ಷೇತ್ರಗಳಲ್ಲಿ ಇವತ್ತಿಗೂ ಪ್ರತಿ ಎಣಿಕೆಯಲ್ಲಿ ಸಾವಿರಗಟ್ಟಲೆ ಮತಪತ್ರಗಳು ಅಸಿಂಧುವಿನ ಬುಟ್ಟಿಗೆ ಬೀಳುತ್ತವೆ. ಜಟಿಲತೆ ಎಂಬ ದೋಷ ಓದು ಬಾರದವರಿಗೆ ಮಾತ್ರ ಅಂಟಿದ್ದಲ್ಲ. ಒಂದು ಊರಿನಲ್ಲಿ ಗುಂಡಿ ಒತ್ತುವುದು, ಮೊಹರು ಹಾಕುವುದು, ಅಂಕಿ ಬರೆಯುವುದು ಮೂರೂ ಬೇರೆ ಬೇರೆ ದಿನ ಬಂದರೆ ಯಾರಿಗಾದರೂ ಕೈ ತಪ್ಪುತ್ತದೆ. ಪಟ್ಟಿ ಪದ್ಧತಿಯಲ್ಲಾದರೋ ಪಕ್ಷದ ಚಿಹ್ನೆಗೆ ಒಂದು ಗುಂಡಿ ಒತ್ತಿದರೆ ಆಯಿತು. ಮತದಾರನ ಪಾಲಿಗೆ ಅದು ವಿಧಾನಸಭೆ ಚುನಾವಣೆಯಷ್ಟೇ ಸುಲಭ. ಜಟಿಲ ಎಂಬ ಮಾತು ಅನುಪಾತಿಕ ಪದ್ಧತಿಯ ಒಂದು ಬಗೆಗೆ ಸಲ್ಲುವುದು, ಇನ್ನೊಂದಕ್ಕಲ್ಲ.

ಇಷ್ಟು ನೋಡಿದ ಮೇಲೆ ಕೋಷ್ಟಕವನ್ನು ಹೊಸದಾಗಿ ಹಾಕುವುದು ಹೇಗೆ? ಮೊದಲು ಪದ್ಧತಿಯ ಹೆಸರು ಬದಿಗಿಟ್ಟು ಮೂರು ಪ್ರಶ್ನೆ ಕೇಳಬೇಕು: ಕ್ಷೇತ್ರಕ್ಕೆ ಎಷ್ಟು ಸ್ಥಾನ, ಮತದಾರ ಏನು ಗುರುತು ಮಾಡುತ್ತಾನೆ, ಗೆಲ್ಲಲು ಎಷ್ಟು ಬೇಕು. ಇವು ವಾಸ್ತವದ ಸಾಲುಗಳು. ಯಾರು ಬರೆದರೂ ಉತ್ತರ ಒಂದೇ. ಆಮೇಲೆ ಬಲ ಮತ್ತು ದೌರ್ಬಲ್ಯ. ಈ ಎರಡು ಸಾಲಿನಲ್ಲಿ ಯಾವ ಸ್ಥಿತಿಯಲ್ಲಿ ಎಂಬುದನ್ನೂ ಸೇರಿಸಿಯೇ ಬರೆಯಬೇಕು.

| | ವಿಧಾನಸಭೆ | ಗ್ರಾಮ ಪಂಚಾಯಿತಿ | ಪದವೀಧರ ಕ್ಷೇತ್ರ | ರಾಜ್ಯಸಭೆ |
|---|---|---|---|---|
| ಕ್ಷೇತ್ರಕ್ಕೆ ಸ್ಥಾನ | 1 | 1 ಅಥವಾ ಹೆಚ್ಚು | 1 | ಸಾಮಾನ್ಯವಾಗಿ 4 |
| ಗುರುತು | ಒಬ್ಬರಿಗೆ ಒಂದು ಮತ | ಸ್ಥಾನದಷ್ಟು ಮತ | 1, 2, 3 ಅಂಕಿ | 1, 2, 3 ಅಂಕಿ |
| ಗೆಲ್ಲಲು | ಎಲ್ಲರಿಗಿಂತ ಹೆಚ್ಚು | ಎಲ್ಲರಿಗಿಂತ ಹೆಚ್ಚು | ಅರ್ಧಕ್ಕಿಂತ ಹೆಚ್ಚು | ಕೋಟಾ, ಸುಮಾರು 45 |
| ಬಲ | ಇಬ್ಬರ ನೇರ ಪೈಪೋಟಿಯಲ್ಲಿ ಸ್ಪಷ್ಟ ತೀರ್ಪು | ಮೀಸಲಾತಿ ಇದ್ದಾಗ ಹಲವು ಸಮುದಾಯಕ್ಕೆ ಜಾಗ | ಮತ ಹಂಚಿಹೋದಾಗಲೂ ಗೆದ್ದವನಿಗೆ ಬೆಂಬಲ ಇರುತ್ತದೆ | ಕೋಟಾ ಮುಟ್ಟುವ ವಿರೋಧ ಪಕ್ಷಕ್ಕೆ ಸ್ಥಾನ ಖಚಿತ |
| ದೌರ್ಬಲ್ಯ | ಮೂರು ಪಕ್ಷ, ಚದುರಿದ ಮತ ಇದ್ದಾಗ ಕ್ರಮ ತಿರುಗುತ್ತದೆ (2018) | ಒಗ್ಗಟ್ಟಿನ ಕೂಟ ಎಲ್ಲವನ್ನೂ ಬಾಚುತ್ತದೆ | ಅಂಕಿ ತಪ್ಪಿದರೆ ಮತ ಅಸಿಂಧು | ಸ್ಥಾನ ಕಡಿಮೆ ಇದ್ದಾಗ ಅನುಪಾತ ಒರಟು (2024) |

ಇದನ್ನು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸರ್, ಕ್ಷೇತ್ರಕ್ಕ ಒಬ್ಬನೇ ಶಾಸಕ ಅನ್ನೂದು ಗುಣದಾಗ ಬರೀಬೇಕೋ, ದೋಷದಾಗ ಬರೀಬೇಕೋ?" ಎರಡರಲ್ಲೂ ಬರೆಯಬಹುದು. ನಮ್ಮ ಕೆಲಸಕ್ಕೆ ಯಾರ ಮನೆ ಬಾಗಿಲಿಗೆ ಹೋಗಬೇಕು ಎಂದು ಗೊತ್ತಿರುವುದು ಗುಣ; ಆ ಬಾಗಿಲು ತೆರೆಯದಿದ್ದರೆ ಬೇರೆ ಬಾಗಿಲಿಲ್ಲ ಎಂಬುದು ದೋಷ. ಇಂಥ ಸಾಲು ಎರಡೂ ಕಡೆ ಬಂದರೆ ಕೋಷ್ಟಕ ಕೆಟ್ಟಿದೆ ಎಂದರ್ಥವಲ್ಲ. ಅಂಕ ಕೊಡುವವರು ಒಪ್ಪುತ್ತಾರೋ ಇಲ್ಲವೋ ಎಂಬುದು ಬೇರೆ ಮಾತು.

ಇನ್ನುಳಿದದ್ದು ಗೈಡುಗಳು ಕೊನೆಯಲ್ಲಿ ಒಂದು ಗೆರೆಯಲ್ಲಿ ಮುಗಿಸುವ ಮಿಶ್ರ ಪದ್ಧತಿ. ಎರಡರ ಗುಣವೂ ಸಿಗುತ್ತದೆ ಎಂದು ಬರೆದಿರುತ್ತದೆ. ನೇಪಾಳದ ಪ್ರತಿನಿಧಿ ಸಭೆಯಲ್ಲಿ 165 ಸ್ಥಾನ ನೇರ ಚುನಾವಣೆಗೆ, 110 ಪಕ್ಷದ ಪಟ್ಟಿಗೆ. ನಮ್ಮಲ್ಲೂ ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲಿ ಈಗಿರುವ ಸ್ಥಾನಗಳ ಮೇಲೆ ಶೇ. 25ರಷ್ಟನ್ನು ಪಟ್ಟಿ ಪದ್ಧತಿಯಿಂದ ಸೇರಿಸುವ ವಿಚಾರ ಮುಂದಿಟ್ಟಿತ್ತು. 2018ರ ಕರ್ನಾಟಕಕ್ಕೆ ಇದನ್ನು ಹಚ್ಚಿದರೆ 224ಕ್ಕೆ ಇನ್ನೂ 56 ಸೇರಿ 280. ಈ ಪದ್ಧತಿ ಇದ್ದಿದ್ದರೆ ಜನ ಬೇರೆ ರೀತಿ ಮತ ಹಾಕುತ್ತಿದ್ದರೇನೋ. ಆದ್ದರಿಂದ ಇದು ಭವಿಷ್ಯವಲ್ಲ, ಯಂತ್ರ ಹೇಗೆ ತಿರುಗುತ್ತದೆ ಎಂದು ನೋಡುವ ಲೆಕ್ಕ ಅಷ್ಟೆ. ನೇಪಾಳದಂತೆ 56ನ್ನು ಪ್ರತ್ಯೇಕವಾಗಿ ಮತದ ಪ್ರಮಾಣದಲ್ಲಿ ಹಂಚಿದರೆ ಬಿಜೆಪಿಗೆ ಸುಮಾರು 20, ಕಾಂಗ್ರೆಸ್ಸಿಗೆ 21, ಜೆಡಿಎಸ್‌ಗೆ 10. ಒಟ್ಟು ಬಿಜೆಪಿ 124, ಕಾಂಗ್ರೆಸ್ 101. ಕ್ರಮ ತಿರುಗಿದ್ದು ತಿರುಗಿದಂತೆಯೇ ಉಳಿಯಿತು.

ಜರ್ಮನಿಯ ರೀತಿ ಬೇರೆ. ಅಲ್ಲಿ ಒಟ್ಟು ಸ್ಥಾನ ಯಾರಿಗೆ ಎಷ್ಟು ಎಂಬುದನ್ನು ಪಟ್ಟಿಯ ಮತವೇ ನಿರ್ಧರಿಸುತ್ತದೆ. ನೇರವಾಗಿ ಗೆದ್ದ ಸ್ಥಾನಗಳು ಅದರೊಳಗೇ ಎಣಿಕೆಯಾಗುತ್ತವೆ. ಹಾಗೆ ಮಾಡಿದರೆ 280ರಲ್ಲಿ ಕಾಂಗ್ರೆಸ್ಸಿನ ಪಾಲು ಸುಮಾರು 107, ಬಿಜೆಪಿಯದು ಸುಮಾರು 102. ಆದರೆ ಬಿಜೆಪಿ ನೇರವಾಗಿಯೇ 104 ಗೆದ್ದುಬಿಟ್ಟಿದೆ, ಪಾಲಿಗಿಂತ ಎರಡು ಹೆಚ್ಚು. ಆ ಇಬ್ಬರನ್ನು ಏನು ಮಾಡುವುದು? ಜರ್ಮನ್ನರು ಮೊದಲು ಇತರರಿಗೂ ಸ್ಥಾನ ಹೆಚ್ಚಿಸಿ ಸರಿದೂಗಿಸುತ್ತಿದ್ದರು. 2021ರಲ್ಲಿ ಅವರ ಸಂಸತ್ತು 736 ಸದಸ್ಯರಿಗೆ ಉಬ್ಬಿತು. 2023ರಲ್ಲಿ ಕಾನೂನು ಬದಲಿಸಿ 630ಕ್ಕೆ ಕಟ್ಟಿಹಾಕಿದರು, ಪಾಲಿಗಿಂತ ಹೆಚ್ಚು ಗೆದ್ದ ಪಕ್ಷದ ಕಡಿಮೆ ಮತಪ್ರಮಾಣದ ವಿಜೇತರಿಗೆ ಸ್ಥಾನ ಇಲ್ಲ ಎಂದರು. 2025ರ ಫೆಬ್ರವರಿಯ ಚುನಾವಣೆಯಲ್ಲಿ ತಮ್ಮ ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದ 23 ಮಂದಿ ಸಂಸತ್ತಿಗೆ ಹೋಗಲಾಗಲಿಲ್ಲ.